ಬಸ್ ಇಳಿದರೆ ಮನೆ: ನಲವತ್ತು ಅಡಿಯ ಹೋರ್ಡಿಂಗಿಗೆ ಮೂರು ಪದ ಕೂರಿಸಿದ ಬಗೆ

ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಧಾರವಾಡದ ಕಡೆಯಿಂದ ಬರುವವರಿಗೆ, ರಾಯಾಪುರ ದಾಟಿದ ಮೇಲೆ ಎಡಗಡೆಗೆ, 40 ಅಡಿ ಅಗಲ ಮತ್ತು 20 ಅಡಿ ಎತ್ತರದ ಒಂದು ಹೋರ್ಡಿಂಗ್ ಸಿಗುತ್ತದೆ. ನವನಗರದಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟಿಗಾಗಿ ಆ ಫಲಕದ ಮೇಲಿನ ಬರಹವನ್ನು ಸಿದ್ಧಪಡಿಸಿದ ಕೆಲಸದ ದಾಖಲೆ ಇದು. ಕಟ್ಟಡದ ಹೆಸರನ್ನೂ ಕಟ್ಟಿಸುವವರ ಹೆಸರನ್ನೂ ಇಲ್ಲಿ ಬರೆದಿಲ್ಲ. ಅವುಗಳಿಲ್ಲದೆಯೂ ಕೆಲಸ ಅರ್ಥವಾಗುತ್ತದೆ.

ಮಾಲೀಕರು ಕೊಟ್ಟ ಹಾಳೆಯಲ್ಲಿ ಫಲಕದ ಮೇಲೆ ಬರಲೇಬೇಕಾದ ಸಂಗತಿಗಳೆಂದು ಇದ್ದವು ಇಷ್ಟು: ಯೋಜನೆಯ ಹೆಸರು, ಕಟ್ಟಡದ ಬಣ್ಣದ ಚಿತ್ರ, ಎರಡು ಮತ್ತು ಮೂರು ಕೋಣೆಯ ಮನೆಗಳೆಂಬ ವಿವರ, ಆರಂಭದ ಬೆಲೆ, ಈಜುಕೊಳ, ವ್ಯಾಯಾಮಶಾಲೆ, ವಾಸ್ತು, ದಿನವಿಡೀ ನೀರು, ಬ್ಯಾಂಕ್ ಸಾಲದ ಸೌಲಭ್ಯ, ಎರಡು ಫೋನ್ ನಂಬರು ಮತ್ತು ಇವೆಲ್ಲಕ್ಕೂ ಮೇಲೆ 'ಕನಸಿನ ಮನೆ' ಎಂಬ ತಲೆಬರಹ. ಕರಪತ್ರಕ್ಕೆ ಇದು ಸರಿಯಾದ ಪಟ್ಟಿ. ರಸ್ತೆಬದಿಯ ಫಲಕಕ್ಕೆ ಇದರಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನು ಅಭಿಪ್ರಾಯದ ಮೇಲೆ ಬಿಡುವ ಬದಲು ಲೆಕ್ಕ ಹಾಕಿಯೇ ತೋರಿಸಬೇಕಾಯಿತು.

ಲೆಕ್ಕ ಹೀಗಿದೆ. ಆ ಜಾಗದಲ್ಲಿ ವಾಹನಗಳು ಸುಮಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತವೆ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್. ಹೊರಾಂಗಣ ಜಾಹೀರಾತಿನವರು ಬಳಸುವ ಒಂದು ರೂಢಿಯ ಅಳತೆಯಂತೆ, ಒಂದು ಅಂಗುಲ ಎತ್ತರದ ಅಕ್ಷರವನ್ನು ಹತ್ತು ಅಡಿ ದೂರದಿಂದ ಆಯಾಸವಿಲ್ಲದೆ ಓದಬಹುದು. ಮೂರು ಅಡಿ, ಅಂದರೆ 36 ಅಂಗುಲದ ಅಕ್ಷರವಾದರೆ 360 ಅಡಿ, ಸುಮಾರು 110 ಮೀಟರ್. ಆದರೆ ಈ ಅಳತೆ ರೋಮನ್ ಲಿಪಿಯ ದೊಡ್ಡಕ್ಷರಗಳನ್ನು ನೋಡಿ ಹುಟ್ಟಿದ್ದು. ಕನ್ನಡದಲ್ಲಿ ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ ಇವುಗಳ ನಡುವಿನ ಭೇದವೆಲ್ಲ ಒಂದು ಸಣ್ಣ ಗೀಟಿನಲ್ಲಿದೆ. ಆದ್ದರಿಂದ ನಾನು 110ನ್ನು ನಂಬದೆ 90 ಮೀಟರ್ ಎಂದು ಹಿಡಿದೆ. ಇನ್ನು ಫಲಕದಿಂದ 30 ಮೀಟರ್ ಒಳಗೆ ಬಂದಮೇಲೆ ಅದು ಕಣ್ಣಿನ ನೇರದಿಂದ ಮೇಲಕ್ಕೂ ಪಕ್ಕಕ್ಕೂ ಸರಿದುಹೋಗುತ್ತದೆ, ಚಾಲಕನಾದವನು ಕತ್ತು ತಿರುಗಿಸದೆ ನೋಡಲಾಗದು. ಉಳಿಯುವುದು 60 ಮೀಟರ್, ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟರಲ್ಲಿಯೂ ಅವನ ಕಣ್ಣು ಬಹುಪಾಲು ಮುಂದಿನ ವಾಹನದ ಮೇಲೆ ಇರುತ್ತದೆ ಮತ್ತು ಇರಬೇಕು.

ಈ ನಾಲ್ಕು ಸೆಕೆಂಡನ್ನು ಮಾಲೀಕರಿಗೆ ಅಂಕಿಯಲ್ಲಿ ಹೇಳಿದ್ದಕ್ಕಿಂತ ಕಾಗದದಲ್ಲಿ ತೋರಿಸಿದ್ದು ಹೆಚ್ಚು ಕೆಲಸ ಮಾಡಿತು. ಫಲಕವನ್ನು ನಲವತ್ತನೇ ಒಂದು ಅಳತೆಗೆ ಇಳಿಸಿದರೆ ಅದು ಸರಿಯಾಗಿ ಒಂದು ಅಡಿ ಅಗಲ, ಅರ್ಧ ಅಡಿ ಎತ್ತರದ ಚೀಟಿಯಾಗುತ್ತದೆ. ತೊಂಬತ್ತು ಮೀಟರಿನ ನಲವತ್ತನೇ ಒಂದು ಭಾಗ ಎರಡೂಕಾಲು ಮೀಟರ್. ಅವರ ಪಟ್ಟಿಯಲ್ಲಿದ್ದ ಎಲ್ಲವನ್ನೂ ಆ ಚೀಟಿಯಲ್ಲಿ ಮುದ್ರಿಸಿ, ಅಷ್ಟು ದೂರದ ಗೋಡೆಗೆ ಹಿಡಿದು, ನಾಲ್ಕು ಎಣಿಸುವಷ್ಟರಲ್ಲಿ ಮಡಚಿದೆ. 'ಕನಸಿನ ಮನೆ' ಎಂಬುದೊಂದನ್ನು ಬಿಟ್ಟು ಅವರ ಕಚೇರಿಯಲ್ಲಿ ಯಾರಿಗೂ ಬೇರೇನೂ ಸಿಗಲಿಲ್ಲ. ಆ ಎರಡು ಪದಗಳಾದರೋ ಅದೇ ರಸ್ತೆಯ ಬೇರೆ ಯಾವ ಕಟ್ಟಡದ ಫಲಕಕ್ಕೂ ಹೊಂದುವಂಥವು. ಪಟ್ಟಿ ಅಲ್ಲಿಂದ ಸಣ್ಣದಾಗತೊಡಗಿತು.

ಫಲಕದಲ್ಲಿ ಏಳು ಪದ ಮೀರಬಾರದು ಎಂಬ ನಿಯಮವೊಂದು ಈ ವೃತ್ತಿಯಲ್ಲಿ ಓಡಾಡುತ್ತಿದೆ. ಕನ್ನಡಕ್ಕೆ ಅದು ಅಷ್ಟಾಗಿ ಒಗ್ಗುವುದಿಲ್ಲ, ಏಕೆಂದರೆ ನಾವು ಪ್ರತ್ಯಯಗಳನ್ನು ಪದಕ್ಕೇ ಹೊಲಿಯುತ್ತೇವೆ. 'ಕುಟುಂಬದವರೊಂದಿಗೆ' ಎಂಬುದು ಎಣಿಕೆಗೆ ಒಂದೇ ಪದವಾದರೂ ಫಲಕದ ಮುಕ್ಕಾಲು ಅಗಲವನ್ನು ನುಂಗುತ್ತದೆ. ಹಾಗಾಗಿ ನಾನು ಅಕ್ಷರಗಳನ್ನು ಎಣಿಸುತ್ತೇನೆ. ದಪ್ಪ ಅಚ್ಚಿನಲ್ಲಿ ಒಂದು ಕನ್ನಡ ಅಕ್ಷರದ ಅಗಲ ಅದರ ಎತ್ತರದ ಒಂದೂಕಾಲು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಎರಡೂ ಬದಿಗೆ ಎರಡೆರಡು ಅಡಿ ಅಂಚು ಬಿಟ್ಟರೆ ಉಳಿಯುವ 36 ಅಡಿಯಲ್ಲಿ, ಮೂರಡಿ ಎತ್ತರದ ಅಕ್ಷರಗಳು ಪದಗಳ ನಡುವಿನ ಜಾಗವನ್ನೂ ಸೇರಿಸಿ ಒಂಬತ್ತರವರೆಗೆ ಹಿಡಿಸುತ್ತವೆ. ಅಂದರೆ ತಲೆಬರಹ ಒಂದೇ ಸಾಲಿನಲ್ಲಿರಬೇಕಾದರೆ ಒಂಬತ್ತು ಅಕ್ಷರ ಮೀರುವಂತಿಲ್ಲ.

ಇದಕ್ಕಿಂತ ಗಟ್ಟಿಯಾದ ಮಿತಿ ಒತ್ತಕ್ಷರದ್ದು. ಅಚ್ಚಿನಲ್ಲಿ ಒತ್ತನ್ನು ಮೂಲ ಅಕ್ಷರದ ಸುಮಾರು ಅರ್ಧದಷ್ಟು ಗಾತ್ರದಲ್ಲಿ ಬಿಡಿಸುತ್ತಾರೆ. ಮೇಲಿನ ಅಕ್ಷರ ತೊಂಬತ್ತು ಮೀಟರಿನಿಂದ ಕಂಡರೂ ಅದರ ಕೆಳಗಿನ ಒತ್ತು ಕಾಣಿಸಿಕೊಳ್ಳುವುದು ಅದರ ಅರ್ಧ ದೂರಕ್ಕೆ ಬಂದಾಗ. ಒಂದು ಪದದ ಓದು ಅದರೊಳಗಿನ ಅತಿ ಸಣ್ಣ ಗುರುತಿನ ಮೇಲೆ ನಿಲ್ಲುವುದರಿಂದ, ಓದಲು ಸಿಗುವ ಸಮಯದ ಮುಕ್ಕಾಲು ಪಾಲು ಅಲ್ಲಿಯೇ ಕಳೆಯುತ್ತದೆ. 'ನೆಮ್ಮದಿ'ಯಂಥ ಪದದಲ್ಲಿ ಇದು ಅಷ್ಟು ಬಾಧಿಸದು, ಮ ಅಕ್ಷರಕ್ಕೆ ಅದರದೇ ಒತ್ತು ಇರುವುದನ್ನು ಓದುಗ ಊಹಿಸಿಕೊಳ್ಳುತ್ತಾನೆ. 'ಸಮೃದ್ಧಿ', 'ಸ್ವಂತ', 'ಉತ್ಕೃಷ್ಟ' ಇಂಥವುಗಳಲ್ಲಿ ಊಹೆಗೆ ಆಸರೆ ಕಡಿಮೆ. ಕಟ್ಟಡಗಳ ಜಾಹೀರಾತು ಬರೆಯುವವರಿಗೆ ಇವೇ ಪದಗಳ ಮೇಲೆ ಏಕೆ ಇಷ್ಟು ಪ್ರೀತಿಯೋ ನನಗೆ ತಿಳಿಯದು. ಒಂದೂ ಒತ್ತಿಲ್ಲದ, ಒಂಬತ್ತು ಅಕ್ಷರದೊಳಗಿನ ಸಾಲು ಬೇಕು ಎಂಬುದು ಇಲ್ಲಿಗೆ ನಿಶ್ಚಯವಾಯಿತು.

ಮೊದಲು ಕೈಗೆ ಬಂದದ್ದು 'ದಿನವೂ ನೀರು'. ಐದೇ ಅಕ್ಷರ, ಒತ್ತಿಲ್ಲ. ಈ ಅವಳಿನಗರದಲ್ಲಿ ಅದಕ್ಕಿಂತ ಬಲವಾದ ಮಾತು ಇನ್ನೊಂದಿಲ್ಲ. ಸವದತ್ತಿಯ ರೇಣುಕಾ ಸಾಗರದಿಂದ ಬರುವ ಮಲಪ್ರಭೆಯ ನೀರನ್ನು ಹಲವು ದಿನಗಳಿಗೊಮ್ಮೆ ಹಿಡಿದು, ಟಾಕಿ, ಬ್ಯಾರಲ್ ತುಂಬಿಸಿಟ್ಟುಕೊಂಡು ಬಾಳಿದ ಮನೆಗಳು ಇಲ್ಲಿ ಸಾವಿರಾರು; ನಿರಂತರ ನೀರಿನ ಯೋಜನೆ ಬಂದ ವಾರ್ಡುಗಳ ಬಗ್ಗೆ ಉಳಿದವರು ಅಸೂಯೆಯಿಂದಲೇ ಮಾತನಾಡುತ್ತಾರೆ. ಮಾಲೀಕರಿಗೆ ಈ ಸಾಲು ಬಹಳ ಹಿಡಿಸಿತು. ನಾನೇ ಅದನ್ನು ಬೇಡವೆಂದೆ.

ಕಾರಣ, ಮನೆ ಕಟ್ಟಿಸಿ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 12ನೇ ಕಲಮು. ಜಾಹೀರಾತಿನಲ್ಲಿದ್ದ ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟವರಿಗೆ, ಆ ಮಾಹಿತಿ ತಪ್ಪಾಗಿದ್ದ ಕಾರಣ ನಷ್ಟವಾದರೆ ಕಟ್ಟಿಸುವವರು ಪರಿಹಾರ ತೆರಬೇಕು. ಕೊಂಡವರು ಯೋಜನೆಯಿಂದ ಹಿಂದೆ ಸರಿಯಲು ಬಯಸಿದರೆ ಕೊಟ್ಟ ಹಣವನ್ನು ಬಡ್ಡಿಯೊಂದಿಗೆ ಹಿಂತಿರುಗಿಸಬೇಕು. ಕರಪತ್ರದಲ್ಲಿ 'ಕೊಳವೆ ಬಾವಿ, ತೊಟ್ಟಿ ಮತ್ತು ಪಾಲಿಕೆಯ ಸಂಪರ್ಕದ ಮೂಲಕ, ಲಭ್ಯತೆಗೆ ಒಳಪಟ್ಟು' ಎಂದು ನೀರಿನ ಮೂಲವನ್ನು ವಿವರಿಸಬಹುದು. ಫಲಕದಲ್ಲಿ ಅಂಥ ಷರತ್ತಿಗೆ ಜಾಗವಿಲ್ಲ, ಮತ್ತು ಪದಗಳು ಕಡಿಮೆಯಾದಷ್ಟೂ ಮಾತು ಷರತ್ತಿಲ್ಲದ ವಾಗ್ದಾನವಾಗುತ್ತದೆ. ನೀರು ಕೊಡುವುದು ಕಟ್ಟಿಸುವವರ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಒಂದು ಬೇಸಿಗೆಯಲ್ಲಿ ಕೊಳವೆ ಬಾವಿ ಕೈಕೊಟ್ಟರೆ ಆ ಐದು ಅಕ್ಷರಗಳ ಛಾಯಾಚಿತ್ರವೊಂದೇ ದೂರಿಗೆ ಸಾಕು. ಹಾಗೆ ನೋಡಿದರೆ ಈ ಫಲಕಕ್ಕೆ ಬೇಕಾಗಿದ್ದುದು ಅಳೆಯಲು ಬರುವ, ಕಟ್ಟಡ ನಿಂತಿರುವ ತನಕ ಬದಲಾಗದ ಒಂದು ಸಂಗತಿ.

ಬೆಲೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿ ಬಿಟ್ಟೆವು. 'ಇಷ್ಟು ಲಕ್ಷದಿಂದ' ಎಂಬ ಆರಂಭದ ಬೆಲೆಗೆ ಇದ್ದದ್ದು ಕೆಳಗಿನ ಅಂತಸ್ತಿನ ಬೆರಳೆಣಿಕೆಯ ಮನೆಗಳು, ಅವು ಮಾರಿಹೋದ ಮರುದಿನ ಫಲಕ ಸುಳ್ಳು ಹೇಳತೊಡಗುತ್ತದೆ. ಈಜುಕೊಳ, ವಾಸ್ತು, ಸಾಲ ಇವು ಕರಪತ್ರಕ್ಕೆ ಹೋದವು.

ಬದಲಾಗದ ಸಂಗತಿಯನ್ನು ಹುಡುಕಲು ಕಟ್ಟಡದ ಜಾಗಕ್ಕೆ ಬಸ್ಸಿನಲ್ಲಿಯೇ ಹೋದೆ. 2018ರಿಂದ ಈ ರಸ್ತೆಯ ನಡುವಿನ ಮೀಸಲು ಪಥದಲ್ಲಿ ಓಡುತ್ತಿರುವ ಬಿಆರ್‌ಟಿಎಸ್ ಬಸ್ಸನ್ನು ಎಲ್ಲರೂ 'ಚಿಗರಿ' ಎಂದೇ ಕರೆಯುತ್ತಾರೆ. ನವನಗರ ನಿಲ್ದಾಣದಲ್ಲಿ ಇಳಿದು ರಸ್ತೆ ದಾಟಿ ನಿಂತರೆ ಎದ್ದುಬರುತ್ತಿರುವ ಕಟ್ಟಡದ ಮೇಲಿನ ಅಂತಸ್ತುಗಳು ಕಾಣುತ್ತವೆ. ಧಾರವಾಡದಲ್ಲಿ ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯಗಳು. ಹುಬ್ಬಳ್ಳಿಯಲ್ಲಿ ಮಾರುಕಟ್ಟೆ, ರೈಲ್ವೆ ವಲಯ ಕಚೇರಿ. ಗಂಡ ಒಂದೂರಿನಲ್ಲಿ, ಹೆಂಡತಿ ಇನ್ನೊಂದೂರಿನಲ್ಲಿ ದುಡಿಯುವ ಮನೆಗಳಿಗೆ ನಡುವಿನ ನವನಗರ ಹೊಂದುವುದೇ ಈ ಕಾರಣಕ್ಕೆ. ಆ ದಿನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡದ್ದು 'ಚಿಗರಿ ಇಳಿದರೆ ಮನೆ'. ಒಂಬತ್ತು ಅಕ್ಷರ, ಒಂದೂ ಒತ್ತಿಲ್ಲ.

ಇನ್ನೂ ಕಡಿಮೆಯಾಗಬಹುದೇ ಎಂದು ನೋಡುವುದು ಈ ಕೆಲಸದ ಚಟ. 'ಚಿಗರಿ'ಯನ್ನು ಕಿತ್ತು 'ಇಳಿದರೆ ಮನೆ' ಎಂದಿಟ್ಟೆ. ಆರು ಅಕ್ಷರ, ಪ್ರತಿಯೊಂದೂ ನಾಲ್ಕೂವರೆ ಅಡಿಗೆ ಬೆಳೆಯುತ್ತದೆ, ನೋಡಲು ಅತ್ಯಂತ ಚೆಲುವಾಗಿತ್ತು. ಚೀಟಿಯನ್ನು ಒಯ್ದು ಝೆರಾಕ್ಸ್ ಅಂಗಡಿಯವರಿಗೆ, ಪೆಟ್ರೋಲ್ ಬಂಕಿನ ಹುಡುಗರಿಗೆ, ಈ ಯೋಜನೆಯ ಬಗ್ಗೆ ಏನೂ ಗೊತ್ತಿಲ್ಲದ ಕೆಲವರಿಗೆ ಎರಡೂಕಾಲು ಮೀಟರಿನಿಂದ ನಾಲ್ಕು ಸೆಕೆಂಡು ತೋರಿಸಿ, ಏನು ಹೇಳುತ್ತದೆ ಎಂದು ಕೇಳಿದೆ. ಎಲ್ಲರೂ ಓದಿದರು. ಆದರೆ ಒಂದಿಬ್ಬರು 'ರೇಟು ಇಳಿದರೆ ಮನೆ ತಗೋಬಹುದು ಅಂತ' ಎಂದರು. ಬಡ್ಡಿ ದರ ಇಳಿಯುವುದೋ ಮನೆಯ ಬೆಲೆ ಇಳಿಯುವುದೋ ಎಂದು ಅವರವರಲ್ಲೇ ಚರ್ಚೆಯೂ ಆಯಿತು. ಕಟ್ಟಡದ ಜಾಹೀರಾತಿನಲ್ಲಿ 'ಇಳಿ' ಎಂಬ ಕ್ರಿಯಾಪದ ಒಂಟಿಯಾಗಿ ನಿಂತರೆ ಹಣದ ಕಡೆಗೆ ವಾಲುತ್ತದೆ. ಏನನ್ನು ಇಳಿಯುವುದೆಂದು ಹೇಳುವ ನಾಮಪದ ಬೇಕೇ ಬೇಕು. ಇಂಥ ಪರೀಕ್ಷೆಯಲ್ಲಿ 'ಚೆನ್ನಾಗಿದೆಯೇ' ಎಂದು ಕೇಳಬಾರದು, ಏಕೆಂದರೆ ಎಲ್ಲರೂ ಹೌದೆನ್ನುತ್ತಾರೆ. 'ಏನು ಮಾರುತ್ತಿದ್ದಾರೆ, ಎಲ್ಲಿದೆ' ಎಂದು ಕೇಳಿದರೆ ಮಾತ್ರ ಬಿರುಕು ಕಾಣುತ್ತದೆ.

ಮುಂದಿನ ಚರ್ಚೆ ಮಾಲೀಕರೊಂದಿಗೆ, ಮನೆಯ ಬಗ್ಗೆ. "ನಮ್ಮ ಮಂದಿ ಮನಿ ಅಂತಾರ್ರೀ ಸರ, ಮನೆ ಅನ್ನಂಗಿಲ್ಲ. 'ಚಿಗರಿ ಇಳದ್ರ ಮನಿ' ಅಂತ ಬರೀರಿ, ನೋಡಿದವ್ರು ನಕ್ಕೋತ ಫೋನ್ ಮಾಡ್ತಾರ" ಎಂದರು ಅವರು. ಅವರ ಮಾತಿನಲ್ಲಿ ತಥ್ಯವಿತ್ತು, ಕಿವಿಗೆ ಆ ಸಾಲು ನನ್ನದಕ್ಕಿಂತ ಸೊಗಸಾಗಿತ್ತು. ಆದರೂ ನಾನು ಒಪ್ಪಲಿಲ್ಲ. 'ಇಳದ್ರ' ಎಂದರೆ ಒತ್ತೊಂದು ಬಂತು. ಅದಕ್ಕಿಂತ ಮುಖ್ಯವಾಗಿ, ನವನಗರದಲ್ಲಿ ಮನೆ ಕೊಳ್ಳುವವರಲ್ಲಿ ಸಾಕಷ್ಟು ಮಂದಿ ವರ್ಗವಾಗಿಯೋ ನೌಕರಿಗೆಂದೋ ಬೇರೆ ಜಿಲ್ಲೆಗಳಿಂದ ಬಂದವರು. ಅವರು 'ಮನಿ'ಯನ್ನು ದುಡ್ಡು ಎಂದು ಓದಿ ಮತ್ತೆ ಅದೇ ದರ ಇಳಿಯುವ ಅರ್ಥಕ್ಕೆ ಹೋಗುವ ಸಾಧ್ಯತೆಯಿತ್ತು. ಆಡುಮಾತಿನ ಸಾಲನ್ನು ರೇಡಿಯೋ ಜಾಹೀರಾತಿಗೆ ಇಟ್ಟುಕೊಳ್ಳೋಣ ಎಂದು ತೀರ್ಮಾನವಾಯಿತು, ಅಲ್ಲಿ ಅದು ನಿಜವಾಗಿಯೂ ಅರಳುತ್ತದೆ.

'ಚಿಗರಿ' ಉಳಿಯಲಿಲ್ಲ. ಅದು ಒಂದು ಸಾರ್ವಜನಿಕ ಸೇವೆಯ ಹೆಸರು. ಖಾಸಗಿ ಕಟ್ಟಡವೊಂದರ ಫಲಕದಲ್ಲಿ ಅದನ್ನು ಅಷ್ಟು ದೊಡ್ಡದಾಗಿ ಬರೆದರೆ ಆ ಸೇವೆಯವರೇ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟಂತೆ ಕಾಣಬಹುದು, ಮೊದಲು ಅನುಮತಿ ಪಡೆಯುವುದು ಒಳ್ಳೆಯದು ಎಂದು ಮಾಲೀಕರ ವಕೀಲರು ಹೇಳಿದರು. ಫಲಕದ ಬಾಡಿಗೆ ಅದಾಗಲೇ ಓಡುತ್ತಿದ್ದುದರಿಂದ ಮಾಲೀಕರು ಕಾಯಲು ಸಿದ್ಧರಿರಲಿಲ್ಲ. ಆ ರಸ್ತೆಯ ಸಾರಿಗೆಯನ್ನೇ ಬೇರೊಂದಕ್ಕೆ ಬದಲಿಸುವ ಮಾತು ಆಗಾಗ ಕೇಳಿಬರುತ್ತಿರುವುದೂ ಒಂದು ಯೋಚನೆಯಾಗಿತ್ತು. 'ಬಸ್ಸಿಳಿದರೆ' ಎಂದು ಸಂಧಿ ಮಾಡಿದರೆ ಒತ್ತು ಬರುತ್ತದೆ. ಬಿಡಿಸಿ 'ಬಸ್ ಇಳಿದರೆ ಮನೆ' ಎಂದರೆ ಎಂಟೇ ಅಕ್ಷರ, ಕೆಳಗೆ ಏನೂ ಇಳಿಯುವುದಿಲ್ಲ, ಪ್ರತಿ ಅಕ್ಷರ ಮೂರೂಕಾಲು ಅಡಿಗೆ ಏರುತ್ತದೆ. ಅದೇ ನಿಂತಿತು. ಫಲಕವಾಗಿ ಇದು ಹೆಚ್ಚು ಸ್ಪಷ್ಟ; ಸಾಲಾಗಿ 'ಚಿಗರಿ'ಯೇ ಮೇಲು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಈಗ ಸಾಲು ಸತ್ಯವೇ ಎಂಬ ಪ್ರಶ್ನೆ. ಬಸ್ಸು ಇಳಿದ ಕೂಡಲೇ ಯಾರೂ ಮನೆಯ ಹೊಸ್ತಿಲಲ್ಲಿ ಇರುವುದಿಲ್ಲ. ತಲೆಬರಹ ತುಸು ಬೀಸಾಗಿ ಹೇಳಿದ್ದನ್ನು ಅದರ ಕೆಳಗಿನ ಸಾಲು ಅಳತೆಯಲ್ಲಿ ಕಟ್ಟಿಹಾಕಬೇಕು. ಇಂಥಲ್ಲಿ ಸಾಮಾನ್ಯವಾಗಿ 'ಮೂರೇ ನಿಮಿಷ' ಎಂದು ಬರೆಯುತ್ತಾರೆ. ನಿಮಿಷ ನಡೆಯುವವರ ವಯಸ್ಸಿಗೆ, ಕೈಯಲ್ಲಿನ ಚೀಲಕ್ಕೆ, ರಸ್ತೆ ದಾಟುವಲ್ಲಿನ ಸಿಗ್ನಲಿಗೆ ತಕ್ಕಂತೆ ಬದಲಾಗುತ್ತದೆ, ಮೀಟರು ಬದಲಾಗುವುದಿಲ್ಲ. ಆದ್ದರಿಂದ ಚಕ್ರದ ಅಳತೆಗೋಲು ತರಿಸಿ, ನಿಲ್ದಾಣದಿಂದ ಹೊರಬರುವ ಬಾಗಿಲಿನಿಂದ ಹಿಡಿದು, ಜನ ನಿಜವಾಗಿ ದಾಟುವ ಜಾಗದ ಮೂಲಕ ಕಟ್ಟಡದ ಗೇಟಿನವರೆಗೆ ಉರುಳಿಸಿದೆವು. ನಕ್ಷೆಯ ಮೇಲೆ ಎರಡು ಚುಕ್ಕೆಗಳ ನಡುವೆ ನೇರ ಗೆರೆ ಎಳೆದು ತೆಗೆದ ದೂರ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ನಿಲ್ದಾಣವಿರುವುದು ರಸ್ತೆಯ ಮಧ್ಯದಲ್ಲಿ. ಬಂದ ದೂರ 240 ಮೀಟರ್.

ಆ ಅಂಕಿಯೊಂದಿಗೆ ಮುದ್ರಣಕ್ಕೆ ಹೋಗುವ ಮೊದಲು ಅನುಮೋದಿತ ನಕ್ಷೆಯನ್ನು ಕೇಳಿದೆ. ನಾವು ಅಳೆದ ಗೇಟು ಜಲ್ಲಿ, ಸಿಮೆಂಟಿನ ಲಾರಿಗಳಿಗಾಗಿ ಮಾಡಿದ ತಾತ್ಕಾಲಿಕ ದ್ವಾರ ಎಂಬುದು ಆಗ ತಿಳಿಯಿತು. ನಕ್ಷೆಯಲ್ಲಿ ಮುಖ್ಯ ದ್ವಾರವಿರುವುದು ಪಕ್ಕದ ಅಡ್ಡರಸ್ತೆಗೆ. ಈಗಿನ ಗೇಟಿನ ಜಾಗದಲ್ಲಿ ಮುಂದೆ ಕಾಂಪೌಂಡ್ ಗೋಡೆ ಬರುತ್ತದೆ. ಸೈಟ್ ಎಂಜಿನಿಯರ್ ಸುಣ್ಣದ ಪುಡಿಯಲ್ಲಿ ಆ ದ್ವಾರದ ಜಾಗವನ್ನು ಗುರುತು ಮಾಡಿಕೊಟ್ಟರು. ಅಲ್ಲಿಗೆ ಮತ್ತೆ ಅಳೆದಾಗ 310 ಮೀಟರ್ ಆಯಿತು. ಎಪ್ಪತ್ತು ಮೀಟರಿನ ಈ ವ್ಯತ್ಯಾಸ ರಸ್ತೆಯಲ್ಲಿ ಹೋಗುವವರಿಗೆ ಲೆಕ್ಕಕ್ಕಿಲ್ಲ. ಆದರೆ ಮನೆ ಕೊಂಡು, ಕೀಲಿ ಪಡೆದು, ದಿನವೂ ಆ ದಾರಿಯಲ್ಲಿ ನಡೆಯುವವರು ಒಂದು ದಿನ ಫೋನಿನಲ್ಲಿ ಅಳೆದು ನೋಡಿಯೇ ನೋಡುತ್ತಾರೆ. ಅಳತೆ ತೆಗೆದ ದಿನಾಂಕ, ಎರಡು ತುದಿಗಳ ಫೋಟೋ, ನಕ್ಷೆಯ ಪ್ರತಿ ಇಷ್ಟನ್ನು ಒಂದು ಕಡತದಲ್ಲಿ ಹಾಕಿ ಮಾಲೀಕರ ಕಚೇರಿಯಲ್ಲಿ ಇರಿಸಿದೆವು. ಎರಡನೆಯ ಸಾಲು 'ನವನಗರ ನಿಲ್ದಾಣದಿಂದ 310 ಮೀಟರು' ಎಂದಾಯಿತು.

ಈ ಸಾಲಿನ ಅಕ್ಷರಗಳು ಒಂದೂವರೆ ಅಡಿ. ಅದೇ ರೂಢಿಯ ಅಳತೆಯಂತೆ ಇವು ಕಾಣತೊಡಗುವುದು 55 ಮೀಟರಿನಿಂದ. ಕೊನೆಯ 30 ಮೀಟರ್ ಕಳೆದರೆ ಓದಲು ಸಿಗುವುದು ಎರಡು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಕಣ್ಣು 'ನವನಗರ' ಮತ್ತು '310' ಇವೆರಡನ್ನು ಹೆಕ್ಕಿಕೊಂಡರೆ ಸಾಕು. 'ನಿಲ್ದಾಣ'ದಲ್ಲೊಂದು ಒತ್ತು ಉಳಿದಿದೆ, ಬಸ್ಸಿನ ಮಾತಾದ ಮೇಲೆ ಅದನ್ನು ಊಹಿಸಲಾಗದವರಿಲ್ಲ ಎಂದು ಬಿಟ್ಟೆ. ಎರಡು ಫೋನ್ ನಂಬರುಗಳಲ್ಲಿ ನೆನಪಿಡಲು ಸುಲಭವಾದ ಒಂದನ್ನು ಉಳಿಸಿಕೊಂಡೆವು. ಯೋಜನೆಯ ಹೆಸರು ಮತ್ತು '2, 3 ಬಿಎಚ್‌ಕೆ' ಎಂಬುದು ಅದರ ಪಕ್ಕಕ್ಕೆ ಬಂದವು. ಕಟ್ಟಡದ ಚಿತ್ರವನ್ನು ಕೈಬಿಡಲು ಮಾಲೀಕರು ಬಹಳ ಸಂಕಟಪಟ್ಟರು. ಚಿತ್ರದಲ್ಲಿದ್ದ ದೊಡ್ಡ ಮರಗಳೂ ಕಾರಂಜಿಯೂ ನಕ್ಷೆಯಲ್ಲಿ ಇವೆಯೇ ಎಂದು ವಕೀಲರು ಕೇಳಿದ ಮೇಲೆ ಆ ವಿಷಯ ಮುಗಿಯಿತು.

ರೇರಾ ಕಾಯ್ದೆಯ 11(2)ನೇ ಕಲಮಿನಂತೆ ಪ್ರತಿ ಜಾಹೀರಾತಿನಲ್ಲಿ ರೇರಾ ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದುಕಾಣುವಂತೆ ಇರಬೇಕು, ಯೋಜನೆಯ ನೋಂದಣಿ ಸಂಖ್ಯೆಯೂ ಇರಬೇಕು. ನೋಂದಣಿಯೇ ಆಗದೆ ಜಾಹೀರಾತು ಕೊಡುವುದನ್ನು 3ನೇ ಕಲಮು ನಿಷೇಧಿಸುತ್ತದೆ, ಹಾಗಾಗಿ ಸಂಖ್ಯೆ ಕೈಗೆ ಬರುವವರೆಗೆ ಫಲಕದ ಕೆಲಸಕ್ಕೆ ಕೈ ಹಾಕುವುದೇ ವ್ಯರ್ಥ. ಕರ್ನಾಟಕದ ಸಂಖ್ಯೆ PRM/KA/RERA/ ಎಂದು ಮೊದಲಾಗಿ, ಗೀಟುಗಳನ್ನೂ ಸೇರಿಸಿದರೆ ಮೂವತ್ತೈದು ಚಿಹ್ನೆಗಳನ್ನು ಮೀರುತ್ತದೆ. ನಮ್ಮ ಮೂರು ಪದಗಳ ತಲೆಬರಹಕ್ಕಿಂತ ಅದು ಬಹಳ ಉದ್ದ. ಇದನ್ನು ಮೂಲೆಯಲ್ಲಿ ಎರಡಂಗುಲದ ಅಕ್ಷರಗಳಲ್ಲಿ ತುರುಕುವ ಅಭ್ಯಾಸ ಎಲ್ಲೆಡೆ ಇದೆ. ಕೆಳಗೆ ನಿಂತವರಿಗೂ ಅದು ಓದಲು ಬರುವುದಿಲ್ಲ. ನಾವು ಕೆಳಗಿನ ಎರಡಡಿಯನ್ನು ಇದಕ್ಕೇ ಮೀಸಲಿಟ್ಟು, ಸಂಖ್ಯೆಯನ್ನೂ rera.karnataka.gov.in ಎಂಬ ವಿಳಾಸವನ್ನೂ ಒಂಬತ್ತಂಗುಲದಲ್ಲಿ ಹಾಕಿದೆವು. ಅದು ಸುಮಾರು 27 ಮೀಟರಿನಿಂದ ಕಾಣುತ್ತದೆ, ಅಂದರೆ ಗಾಡಿ ನಿಲ್ಲಿಸಿ ನೋಡುವವರಿಗೆ, ನಡೆದು ಹೋಗುವವರಿಗೆ. ಆ ಸಂಖ್ಯೆ ಬೇಕಾಗುವುದೂ ಅವರಿಗೇ.

ಬಣ್ಣದ ವಿಷಯದಲ್ಲಿ ಒಂದೇ ಮಾತು. ದೂರಕ್ಕೆ ಚೆನ್ನಾಗಿ ಕಾಣುವ ಹಳದಿ ನೆಲವನ್ನು ಆರಿಸಿಕೊಂಡ ಮೇಲೆ ಮಾಲೀಕರ ಮಗ ಅದರ ಮೇಲೆ ಕೆಂಪು ಅಕ್ಷರ ಸೂಚಿಸಿದರು. ನವೆಂಬರ್ ಹತ್ತಿರವಿದ್ದಾಗ ಹಳದಿ–ಕೆಂಪು ಫಲಕ ಯಾರದೋ ರಾಜ್ಯೋತ್ಸವದ ಶುಭಾಶಯವೆಂದು ಕಣ್ಣು ದಾಟಿಹೋಗುತ್ತದೆ. ಕಪ್ಪು ಅಕ್ಷರವೇ ಆಯಿತು.

ಅಚ್ಚಿಗೆ ಅನೇಕ್ ಕನ್ನಡ ಎಂಬ ಮುಕ್ತ ಪರವಾನಗಿಯ ಫಾಂಟನ್ನು ಬಳಸಿದೆ, ಅತಿ ದಪ್ಪವನ್ನು ಬಿಟ್ಟು ಅದಕ್ಕಿಂತ ಒಂದು ಹಂತ ತೆಳುವಾದದ್ದನ್ನು. ಅತಿ ದಪ್ಪದಲ್ಲಿ ಬ, ಮ, ಳಿ ಇವುಗಳ ಒಳಗಿನ ಖಾಲಿ ಜಾಗ ದೂರದಿಂದ ಮುಚ್ಚಿಹೋಗಿ ಅಕ್ಷರ ಬರಿಯ ಗುಂಡುಮುದ್ದೆಯಾಗುತ್ತದೆ. ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಫಾಂಟು ಇರುವುದಿಲ್ಲ, ಇದ್ದರೂ ಹಳೆಯ ತಂತ್ರಾಂಶ ಕನ್ನಡದ ಜೋಡಣೆಯನ್ನು ಮುರಿಯುತ್ತದೆ. ಅದಕ್ಕಾಗಿ ಅಕ್ಷರಗಳನ್ನು ಗೆರೆಚಿತ್ರವಾಗಿ ಪರಿವರ್ತಿಸಿ ಕೊಡಬೇಕು. ಇಲ್ಲೊಂದು ಗುಂಡಿಯಿದೆ. ಮೂಲಾಕ್ಷರ ಮತ್ತು ಅದಕ್ಕೆ ಅಂಟಿದ ಸ್ವರಚಿಹ್ನೆ ಎರಡು ಬೇರೆ ಆಕೃತಿಗಳಾಗಿದ್ದು ಒಂದರ ಮೇಲೊಂದು ಕೂತಿದ್ದರೆ, ಪರಿವರ್ತನೆಯ ನಂತರ ಅವು ಸೇರುವ ಜಾಗ ಕೆಲವೊಮ್ಮೆ ತೂತಾಗಿ ನೆಲದ ಬಣ್ಣ ತೋರುತ್ತದೆ. ಪರದೆಯ ಮೇಲೆ ಅದು ಸಾಸಿವೆಯಷ್ಟಿದ್ದರೂ ಮೂರಡಿ ಅಕ್ಷರದಲ್ಲಿ ಅಂಗೈಯಗಲ ಆಗುತ್ತದೆ. ಎಲ್ಲ ಆಕೃತಿಗಳನ್ನು ಬೆಸೆದು ಒಂದಾಗಿಸಿ, ಪ್ರತಿ ಅಕ್ಷರವನ್ನು ದೊಡ್ಡದು ಮಾಡಿ ನೋಡಿದ ಮೇಲೆಯೇ ಕಡತವನ್ನು ಕಳಿಸಿದೆ.

2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧವಿರುವುದರಿಂದ ಮುದ್ರಣ ಬಟ್ಟೆಯ ಮೇಲೆ ಆಯಿತು. ಯಂತ್ರದ ಅಗಲ ಹತ್ತಡಿಗಿಂತ ಸ್ವಲ್ಪ ಹೆಚ್ಚು, ಹಾಗಾಗಿ ನಲವತ್ತಡಿ ಉದ್ದದ ಎರಡು ಪಟ್ಟಿಗಳನ್ನು ಅಡ್ಡಲಾಗಿ ಜೋಡಿಸಬೇಕು. ಹೊಲಿಗೆ ಫಲಕದ ನಟ್ಟನಡುವೆ ಬರುತ್ತದೆ. ಅಂದವಾಗಿ ಕಾಣುತ್ತದೆಂದು ತಲೆಬರಹವನ್ನು ಮಧ್ಯಕ್ಕೆ ಇಟ್ಟಿದ್ದರೆ ಆ ಹೊಲಿಗೆ ಅಕ್ಷರಗಳ ಸೊಂಟವನ್ನೇ ಕೊಯ್ಯುತ್ತಿತ್ತು. ನಮ್ಮದು ಮೇಲಿನ ಪಟ್ಟಿಯಲ್ಲಿ ಪೂರ್ತಿಯಾಗಿ ಕೂತಿತು, ಎರಡನೆಯ ಸಾಲು ಮತ್ತು ಉಳಿದದ್ದು ಕೆಳಗಿನ ಪಟ್ಟಿಗೆ ಬಂದವು.

ಬಟ್ಟೆಯ ತೊಂದರೆ ಕಂಡದ್ದು ಬೆಳಕಿನಲ್ಲಿ. ಧಾರವಾಡದಿಂದ ಹುಬ್ಬಳ್ಳಿಗೆ ರಸ್ತೆ ಆಗ್ನೇಯಕ್ಕೆ ಸಾಗುತ್ತದೆ. ಅಲ್ಲಿಂದ ಬರುವವರಿಗೆ ಮುಖ ಮಾಡಿದ ಫಲಕ ವಾಯವ್ಯವನ್ನು ನೋಡುತ್ತದೆ. ಸಂಜೆ ಬಿಸಿಲು ಅದರ ಮುಖದ ಮೇಲೆ ಬಿದ್ದು ಹಳದಿ ಉರಿಯುತ್ತದೆ. ಬೆಳಿಗ್ಗೆ, ಕಚೇರಿಗೆ ಹೋಗುವ ಹೊತ್ತಿಗೆ, ಸೂರ್ಯ ಅದರ ಬೆನ್ನಿಗಿರುತ್ತಾನೆ. ಮಾದರಿಗೆಂದು ಒಂದು ತುಂಡನ್ನು ಚೌಕಟ್ಟಿಗೆ ಕಟ್ಟಿಸಿ ಬೆಳಗಿನ ಎಂಟೂವರೆಗೆ ನೋಡಿದಾಗ, ತೆಳು ಬಟ್ಟೆಯ ಮೂಲಕ ಹಿಂದಿನ ಕಬ್ಬಿಣದ ಆಂಗಲ್‌ಗಳ ನೆರಳು ಮೂಡಿ ಅಕ್ಷರಗಳ ಮೇಲೆ ಅಡ್ಡಡ್ಡ ಗೀಟು ಎಳೆದಂತಿತ್ತು. 'ರೆ'ಯ ತಲೆಯ ಮೇಲೆ ಬಿದ್ದ ಒಂದು ಗೀಟು ಅದನ್ನು ಬೇರೆಯೇ ಅಕ್ಷರವಾಗಿಸಿತ್ತು. ಹಿಂಬದಿಗೆ ಬೂದು ಲೇಪವಿರುವ, ಬೆಳಕು ಹಾಯದ ಬಟ್ಟೆಯನ್ನು ತರಿಸಲು ಖರ್ಚು ಹೆಚ್ಚಾಯಿತು; ಬೆಳಗಿನ ಓದುಗರನ್ನು ಬಿಡುವುದಾದರೆ ಫಲಕಕ್ಕೆ ಅರ್ಧ ಬಾಡಿಗೆಯೇ ಸಾಕಲ್ಲವೇ ಎಂದು ಕೇಳಿದ ಮೇಲೆ ಮಾಲೀಕರು ಒಪ್ಪಿದರು.

ಏರಿಸಿದ ಮೇಲೆ ಕಾರಿನಲ್ಲಿಯೂ ಬಸ್ಸಿನಲ್ಲಿಯೂ ಹಾದುನೋಡಿದೆವು. ಫಲಕಕ್ಕೆ 70 ಮೀಟರ್ ಮೊದಲು ರಸ್ತೆಗೆ ಬಾಗಿದ ಬೇವಿನ ಕೊಂಬೆಯೊಂದು ಎಡಬದಿಯಲ್ಲಿ ಹೋಗುವವರಿಗೆ 'ಬಸ್' ಎಂಬ ಪದವನ್ನು ಕ್ಷಣಕಾಲ ಮರೆಮಾಡುತ್ತದೆ, ಆ ಕ್ಷಣದಲ್ಲಿ ಉಳಿಯುವುದು ಮತ್ತೆ ಅದೇ 'ಇಳಿದರೆ ಮನೆ'. ಕೊಂಬೆ ಕಡಿಯುವ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಬಾರದು ಕೂಡ. 90 ಮೀಟರಿನಿಂದ ಕೊಂಬೆಯವರೆಗೆ ಮತ್ತು ಅದನ್ನು ದಾಟಿದ ಮೇಲೆ ಸಾಲು ಪೂರ್ತಿಯಾಗಿ ಸಿಗುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಹಾಗೆಯೇ ಬಿಟ್ಟೆವು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವರಿಗಾಗಿ ಭೈರಿದೇವರಕೊಪ್ಪದ ಬಳಿ 20×10 ಅಡಿಯ ಇನ್ನೊಂದು ಫಲಕ ಗೊತ್ತಾಗಿದೆ. ಅಲ್ಲಿ ತಲೆಬರಹದ ಅಕ್ಷರ ಒಂದೂವರೆ ಅಡಿಯ ಆಸುಪಾಸಿಗೆ ಇಳಿಯುವುದರಿಂದ, ಸಂಚಾರ ನಿಧಾನವಾಗಿದ್ದರೂ ಎರಡನೆಯ ಸಾಲು ಓದಲು ಸಿಗದು. '2, 3 ಬಿಎಚ್‌ಕೆ'ಯನ್ನು ಅಲ್ಲಿ ತೆಗೆದುಹಾಕಿ, ಸಾಲನ್ನು 'ನವನಗರ 310 ಮೀಟರು' ಎಂದು ಕತ್ತರಿಸಿ ನೋಡಿದೆ. ಆಗ ಆ ದೂರ ಫಲಕದಿಂದ ನವನಗರಕ್ಕೆ ಎಂದು ಓದಿಸಿಕೊಳ್ಳುತ್ತದೆ, ಮೈಲಿಗಲ್ಲಿನ ಹಾಗೆ. 'ನಿಲ್ದಾಣದಿಂದ' ಎಂಬುದನ್ನು ಬಿಡಲಾಗದು. ಫೋನ್ ನಂಬರನ್ನೇ ಬಿಡಬಹುದೇ ಎಂದು ಮಾಲೀಕರನ್ನು ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.